ಕಾಲು ಪರ್ಸೆಂಟ್ ಬಡ್ಡಿಗೆ ಸಾಲ ಕೊಟ್ಟವರ ಲೆಕ್ಕ

2014ರ ಫೆಬ್ರವರಿ ಕೊನೆಯ ವಾರದಲ್ಲಿ ಅಮೆರಿಕದ ವಿದ್ಯುತ್ ಕಾರು ಕಂಪನಿ ಟೆಸ್ಲಾ ಒಂದೇ ದಿನ ಎರಡು ಬಾಂಡ್‌ಗಳಿಗೆ ದರ ಗೊತ್ತುಮಾಡಿ ಮಾರುಕಟ್ಟೆಗೆ ಬಿಟ್ಟಿತು. ಒಂದು ಐದು ವರ್ಷದ್ದು, ಇನ್ನೊಂದು ಏಳು ವರ್ಷದ್ದು. ಐದು ವರ್ಷದ ಬಾಂಡ್‌ಗೆ ವರ್ಷಕ್ಕೆ 0.25% ಬಡ್ಡಿ, ಏಳು ವರ್ಷದ್ದಕ್ಕೆ 1.25%. ಎರಡೂ ಸೇರಿ ಕಂಪನಿಗೆ ಬಂದ ಸಾಲ 230 ಕೋಟಿ ಡಾಲರ್. ಅದರಲ್ಲಿ 92 ಕೋಟಿ ಐದು ವರ್ಷದ ಬಾಂಡಿನಿಂದ, 138 ಕೋಟಿ ಏಳು ವರ್ಷದ ಬಾಂಡಿನಿಂದ. ಹಿಂದಿನ ವರ್ಷ, ಅಂದರೆ 2013ರಲ್ಲಿ, ಕಂಪನಿ ನಷ್ಟದಲ್ಲೇ ಲೆಕ್ಕ ಮುಗಿಸಿತ್ತು. ಅದೇ ವಾರ ಅಮೆರಿಕ ಸರ್ಕಾರವೇ ಐದು ವರ್ಷದ ಸಾಲಕ್ಕೆ ಸುಮಾರು 1.5% ಬಡ್ಡಿ ಕೊಡುತ್ತಿತ್ತು. ಸರ್ಕಾರಕ್ಕೆ ಕೊಟ್ಟರೆ ಒಂದೂವರೆ ಪರ್ಸೆಂಟ್ ಸಿಗುವಾಗ, ನಷ್ಟದ ಕಂಪನಿಗೆ ಕಾಲು ಪರ್ಸೆಂಟ್‌ಗೆ ಸಾಲ ಕೊಡಲು ದೊಡ್ಡ ದೊಡ್ಡ ಹೂಡಿಕೆದಾರರು ಮುಗಿಬಿದ್ದರು. ಬೇಡಿಕೆ ಎಷ್ಟಿತ್ತೆಂದರೆ, ಮೊದಲು 160 ಕೋಟಿ ಎಂದು ಹೇಳಿದ್ದ ಸಾಲವನ್ನು ಕಂಪನಿ ಹೆಚ್ಚಿಸಿಕೊಂಡಿತು.

ಇದಕ್ಕೆ ಕಾರಣ, ಇವು ಬರೀ ಸಾಲಪತ್ರಗಳಾಗಿರಲಿಲ್ಲ. ಪ್ರತಿ ಬಾಂಡಿನಲ್ಲೂ ಅದನ್ನು ಟೆಸ್ಲಾ ಷೇರುಗಳಾಗಿ ಬದಲಾಯಿಸಿಕೊಳ್ಳುವ ಹಕ್ಕು ಸೇರಿತ್ತು. ಇಂಥವಕ್ಕೆ ಪರಿವರ್ತನೀಯ ಬಾಂಡ್ ಎನ್ನುತ್ತಾರೆ. ಹೂಡಿಕೆದಾರರು ಬಡ್ಡಿಯನ್ನು ಬಿಟ್ಟುಕೊಟ್ಟು ಆ ಹಕ್ಕನ್ನು ಕೊಂಡಿದ್ದರು. ಹಾಗಾದರೆ ಆ ಹಕ್ಕಿಗೆ ಅವರು ಕೊಟ್ಟ ಬೆಲೆ ಎಷ್ಟು? ಪತ್ರಿಕೆಗಳಲ್ಲಿ ಎದ್ದು ಕಂಡ ಅಂಕಿ ಎಂದರೆ 42.5% ಪ್ರೀಮಿಯಂ. ಬಹಳ ಜನ ಅದನ್ನೇ ಹಕ್ಕಿನ ಬೆಲೆ ಎಂದುಕೊಳ್ಳುತ್ತಾರೆ. ಅದು ಹಕ್ಕಿನ ಬೆಲೆಯಲ್ಲ. ಯಾಕಲ್ಲ ಎಂಬುದನ್ನು ಈ ಎರಡು ಬಾಂಡ್‌ಗಳಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಮೊದಲು ಕರಾರನ್ನು ನೋಡೋಣ. ಒಂದು ಬಾಂಡಿನ ಮುಖಬೆಲೆ 1,000 ಡಾಲರ್. ಅದನ್ನು ಷೇರಾಗಿ ಬದಲಾಯಿಸಿದರೆ 2.7788 ಷೇರು ಸಿಗುತ್ತದೆ. ಇದು ಪರಿವರ್ತನಾ ಅನುಪಾತ. ಸಾವಿರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವ 359.87 ಡಾಲರ್ ಪರಿವರ್ತನಾ ಬೆಲೆ. ಅಂದರೆ ಬಾಂಡ್ ಕೊಟ್ಟು ಷೇರು ತೆಗೆದುಕೊಳ್ಳುವವನು ಒಂದೊಂದು ಷೇರಿಗೂ 359.87 ಡಾಲರ್ ಕೊಟ್ಟಂತೆ. ದರ ಗೊತ್ತುಮಾಡಿದ ದಿನ ಟೆಸ್ಲಾ ಷೇರಿನ ಬೆಲೆ 252.54 ಡಾಲರ್ ಇತ್ತು. ಆ ಬೆಲೆಯಲ್ಲಿ 2.7788 ಷೇರಿನ ಮೌಲ್ಯ ಸುಮಾರು 702 ಡಾಲರ್. ಬಾಂಡನ್ನು ಅಂದೇ ಷೇರಾಗಿ ಬದಲಾಯಿಸಲು ಸಾಧ್ಯವಿದ್ದಿದ್ದರೆ ಕೈಗೆ ಬರುತ್ತಿದ್ದುದು ಇಷ್ಟು. ಇದು ಪರಿವರ್ತನಾ ಮೌಲ್ಯ. 702 ಡಾಲರಿನ ಷೇರು ಕೊಡುವ ಬಾಂಡಿಗೆ 1,000 ಡಾಲರ್ ಕೊಟ್ಟರು. ಹೆಚ್ಚಿಗೆ ಕೊಟ್ಟ 298 ಡಾಲರ್, 702ರ 42.5%. ಇದೇ ಪರಿವರ್ತನಾ ಪ್ರೀಮಿಯಂ. ಷೇರಿನ ಕಡೆಯಿಂದ ನೋಡಿದರೂ ಅದೇ ಸಂಖ್ಯೆ ಬರುತ್ತದೆ: 252.54ರಲ್ಲಿರುವ ಷೇರು 359.87 ಮುಟ್ಟಲು 42.5% ಏರಬೇಕು.

ಈ ಎರಡನೆಯ ಓದೇ ಸರಿಯಾದ ಓದು. ಪ್ರೀಮಿಯಂ ಎನ್ನುವುದು ಒಂದು ದೂರ. ಷೇರು ಎಷ್ಟು ದೂರ ಏರಿದರೆ ಪರಿವರ್ತನೆಯಿಂದ ಲಾಭ ಶುರುವಾಗುತ್ತದೆ ಎಂದು ಅದು ಹೇಳುತ್ತದೆ. ಹೆಚ್ಚಿಗೆ ಕೊಟ್ಟ 298 ಡಾಲರ್ ಎಲ್ಲಿಯೂ ಕಳೆದುಹೋಗಿಲ್ಲ, ಯಾಕೆಂದರೆ ಷೇರು ಏರದಿದ್ದರೆ ಬಾಂಡ್ ಹಿಡಿದವನಿಗೆ ಅವಧಿಯ ಕೊನೆಗೆ 1,000 ಡಾಲರ್ ಅಸಲು ವಾಪಸ್ ಬರುತ್ತದೆ. ಹಾಗಾಗಿ ಹಕ್ಕಿಗೆ ನಿಜವಾಗಿ ಎಷ್ಟು ಕೊಟ್ಟ ಎಂದು ತಿಳಿಯಬೇಕಾದರೆ ಷೇರಿನ ಕಡೆಯಿಂದಲ್ಲ, ಸಾಲದ ಕಡೆಯಿಂದ ಹೊರಡಬೇಕು.

ಸಾಲದ ಕಡೆಯ ಪ್ರಶ್ನೆ ಇದು: ಪರಿವರ್ತನೆಯ ಹಕ್ಕನ್ನು ಕಿತ್ತುಹಾಕಿದರೆ ಉಳಿಯುವ ಸಾದಾ ಬಾಂಡ್ ಎಷ್ಟಕ್ಕೆ ಬಾಳುತ್ತದೆ? ಉಳಿಯುವುದು ಇಷ್ಟೇ, ಆರು ತಿಂಗಳಿಗೊಮ್ಮೆ 1.25 ಡಾಲರ್ ಬಡ್ಡಿ, ಹೀಗೆ ಹತ್ತು ಕಂತು, ಐದನೇ ವರ್ಷದ ಕೊನೆಗೆ 1,000 ಡಾಲರ್ ಅಸಲು. ಇದರ ಇಂದಿನ ಬೆಲೆ ಕಟ್ಟಲು, ಇದೇ ಕಂಪನಿ ಹಕ್ಕು ಗಿಕ್ಕು ಏನೂ ಇಲ್ಲದ ಸಾಲ ಎತ್ತಿದ್ದರೆ ಎಷ್ಟು ಬಡ್ಡಿ ಕೊಡಬೇಕಾಗುತ್ತಿತ್ತು ಎಂದು ಗೊತ್ತಿರಬೇಕು. ಟೆಸ್ಲಾ ತನ್ನ ಲೆಕ್ಕಪತ್ರಕ್ಕಾಗಿ ಐದು ವರ್ಷದ ಬಾಂಡಿಗೆ ಸುಮಾರು 4.9%, ಏಳು ವರ್ಷದ್ದಕ್ಕೆ ಸುಮಾರು 6% ಎಂಬ ದರ ಹಿಡಿಯಿತು. ವರ್ಷಕ್ಕೆ 4.9%, ಅಂದರೆ ಅರ್ಧ ವರ್ಷಕ್ಕೆ 2.45% ದರದಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ, ಐದು ವರ್ಷದ ನಂತರದ 1,000 ಡಾಲರಿನ ಇಂದಿನ ಮೌಲ್ಯ 785 ಡಾಲರ್. ಹತ್ತು ಬಡ್ಡಿ ಕಂತುಗಳ ಇಂದಿನ ಮೌಲ್ಯ ಹೆಚ್ಚುಕಡಿಮೆ 11 ಡಾಲರ್. ಒಟ್ಟು 796 ಡಾಲರ್. ಇದು ಸಾದಾ ಬಾಂಡಿನ ಮೌಲ್ಯ.

ಕೊಟ್ಟದ್ದು 1,000, ಸಾದಾ ಬಾಂಡಾಗಿ ಅದು ಬಾಳುವುದು 796. ಉಳಿದ 204 ಡಾಲರ್ ಪರಿವರ್ತನೆಯ ಹಕ್ಕಿನ ಬೆಲೆ. ಬಡ್ಡಿಯ ಮೂಲಕ ನೋಡಿದರೆ ಈ 204 ಎಲ್ಲಿಂದ ಬಂತೆಂದು ಕಾಣುತ್ತದೆ. ಸಾದಾ ಸಾಲವಾಗಿದ್ದರೆ ವರ್ಷಕ್ಕೆ 49 ಡಾಲರ್ ಬಡ್ಡಿ ಬರಬೇಕಿತ್ತು, ಬಂದದ್ದು ಎರಡೂವರೆ ಡಾಲರ್. ವರ್ಷ ವರ್ಷವೂ ಬಿಟ್ಟುಕೊಟ್ಟ 46.50 ಡಾಲರನ್ನು ಇಂದಿನ ಮೌಲ್ಯಕ್ಕೆ ತಂದು ಕೂಡಿದರೆ ಅದೇ 204 ಬರುತ್ತದೆ. ಹೂಡಿಕೆದಾರ ಹಕ್ಕನ್ನು ಪುಕ್ಕಟೆ ಪಡೆಯಲಿಲ್ಲ, ಐದು ವರ್ಷದ ಬಡ್ಡಿ ಕೊಟ್ಟು ಪಡೆದ. ಸೈಟಿಗೆ ಮುಂಗಡ ಕೊಟ್ಟು ಇಂತಿಷ್ಟು ಬೆಲೆಗೆ ಕೊಳ್ಳುವ ಕರಾರು ಮಾಡಿಕೊಂಡವನ ಹಾಗೆ. ಬೆಲೆ ಏರದಿದ್ದರೆ ಮುಂಗಡ ಹೋಯಿತು, ಏರಿದರೆ ಹಳೇ ಬೆಲೆಗೆ ಸೈಟು ಅವನದು.

ಈಗ ಏಳು ವರ್ಷದ ಬಾಂಡಿಗೆ ಇದೇ ಲೆಕ್ಕ ಹಾಕಿ ನೋಡಿ. ಪರಿವರ್ತನಾ ಅನುಪಾತ ಅದೇ 2.7788. ಪರಿವರ್ತನಾ ಬೆಲೆ ಅದೇ 359.87. ಪ್ರೀಮಿಯಂ ಅದೇ 42.5%. ಬಡ್ಡಿ ಮಾತ್ರ ಐದು ಪಟ್ಟು. ಮೇಲುನೋಟಕ್ಕೆ ಏಳು ವರ್ಷದವನಿಗೇ ಲಾಭದ ವ್ಯವಹಾರ, ಹಕ್ಕು ಅಗ್ಗಕ್ಕೆ ಸಿಕ್ಕಿತು ಅನ್ನಿಸುತ್ತದೆ. ಆದರೆ 6% ದರದಲ್ಲಿ ಹದಿನಾಲ್ಕು ಅರ್ಧ ವರ್ಷ ಹಿಂದಕ್ಕೆ ಬಂದರೆ ಅಸಲಿನ ಇಂದಿನ ಮೌಲ್ಯ 661 ಡಾಲರ್, ಬಡ್ಡಿ ಕಂತುಗಳದ್ದು 71. ಸಾದಾ ಬಾಂಡಿನ ಮೌಲ್ಯ 732 ಡಾಲರ್ ಆಯಿತು. ಹಕ್ಕಿನ ಬೆಲೆ 268. ಪ್ರೀಮಿಯಂ ಒಂದೇ ಆದರೂ ಒಬ್ಬ 204 ಕೊಟ್ಟಿದ್ದಾನೆ, ಇನ್ನೊಬ್ಬ 268. ಹೆಚ್ಚಿಗೆ ಕೊಟ್ಟ 64 ಡಾಲರ್ ಇನ್ನೆರಡು ವರ್ಷ ಕಾಯುವ ಅವಕಾಶಕ್ಕೆ. ಪ್ರೀಮಿಯಂ ಮಾತ್ರ ನೋಡಿದವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇದು ಬರೀ ಕಾಗದದ ಮೇಲಿನ ವಿಂಗಡಣೆ ಎಂದು ಯಾರಾದರೂ ಕೇಳಬಹುದು. ಟೆಸ್ಲಾದ ಲೆಕ್ಕಪತ್ರದಲ್ಲೇ ಇದಕ್ಕೆ ಉತ್ತರವಿದೆ. ಆಗಿನ ಅಮೆರಿಕದ ನಿಯಮದಂತೆ ಕಂಪನಿ ಈ ಬಾಂಡ್‌ಗಳನ್ನು ಎರಡು ಭಾಗ ಮಾಡಿ ಬರೆಯಬೇಕಿತ್ತು. ಸಾದಾ ಸಾಲದ ಭಾಗ ಹೊಣೆಗಾರಿಕೆಯ ಕಡೆಗೆ, ಹಕ್ಕಿನ ಭಾಗ ಷೇರುದಾರರ ಬಂಡವಾಳದ ಕಡೆಗೆ. ಹಕ್ಕಿನ ಭಾಗವೆಂದು ಅದು ಐದು ವರ್ಷದ ಬಾಂಡಿಗೆ 18.81 ಕೋಟಿ, ಏಳು ವರ್ಷದ್ದಕ್ಕೆ 36.94 ಕೋಟಿ ಡಾಲರ್ ಬರೆಯಿತು. ಒಟ್ಟು 55.75 ಕೋಟಿ. (ಅಮೆರಿಕದಲ್ಲಿ ಈ ವಿಂಗಡಣೆಯ ನಿಯಮವನ್ನು 2020ರಲ್ಲಿ ಕೈಬಿಡಲು ತೀರ್ಮಾನವಾಯಿತು. ಭಾರತದ ಇಂಡ್ ಎಎಸ್ 32 ಈಗಲೂ ಇಂಥ ಪತ್ರಗಳನ್ನು ಒಡೆದು ಬರೆಯಲು ಹೇಳುತ್ತದೆ.) ಇದರ ಜೊತೆಗೆ, ಬಾಂಡುದಾರರು ಮುಂದೆ ಷೇರು ಕೇಳಿದರೆ ತನ್ನ ಷೇರು ಬಂಡವಾಳ ಕರಗಬಾರದೆಂದು ಟೆಸ್ಲಾ ಅದೇ ಪರಿವರ್ತನಾ ಬೆಲೆಗೆ ಷೇರು ಕೊಳ್ಳುವ ಹಕ್ಕನ್ನು ಬ್ಯಾಂಕುಗಳಿಂದ ಪ್ರತ್ಯೇಕವಾಗಿ ಕೊಂಡಿತು. ಅದಕ್ಕೆ ಕೊಟ್ಟದ್ದು 60.34 ಕೋಟಿ ಡಾಲರ್. ಬಾಂಡಿನಿಂದ ಬಿಡಿಸಿ ತೆಗೆದ ಬೆಲೆ 55.75 ಕೋಟಿ, ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಬೆಲೆ 60.34 ಕೋಟಿ. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಸಂಖ್ಯೆಗಳು ಇಷ್ಟು ಹತ್ತಿರ ಬಂದದ್ದು ನೋಡಿದರೆ, ಬಾಂಡನ್ನು ಎರಡು ತುಂಡಾಗಿ ಕಾಣುವ ಕ್ರಮದ ಮೇಲೆ ವಿಶ್ವಾಸ ಹುಟ್ಟುತ್ತದೆ.

204 ಡಾಲರ್ ದುಬಾರಿಯೋ ಅಗ್ಗವೋ ಎನ್ನುವುದು ಮುಂದಿನ ಪ್ರಶ್ನೆ. ಅದನ್ನು ತೀರ್ಮಾನಿಸುವುದು ಷೇರಿನ ಏರಿಳಿತ. ಒಂದು ಬಾಂಡಿನಲ್ಲಿ 2.7788 ಷೇರಿನ ಹಕ್ಕು ಇರುವುದರಿಂದ, ಷೇರೊಂದಕ್ಕೆ ಹಕ್ಕಿನ ಬೆಲೆ ಸುಮಾರು 73 ಡಾಲರ್. ಆಪ್ಷನ್‌ಗಳ ಬೆಲೆ ಕಟ್ಟಲು ಮಾರುಕಟ್ಟೆಯವರು ಬಳಸುವ ಬ್ಲಾಕ್-ಶೋಲ್ಸ್ ಸೂತ್ರಕ್ಕೆ ಇಂದಿನ ಷೇರಿನ ಬೆಲೆ, ಪರಿವರ್ತನಾ ಬೆಲೆ, ಐದು ವರ್ಷದ ಅವಧಿ, ಒಂದೂವರೆ ಪರ್ಸೆಂಟ್ ಸರ್ಕಾರಿ ಬಡ್ಡಿ ಇಷ್ಟನ್ನೂ ಕೊಟ್ಟು ನಾನು ಲೆಕ್ಕ ಹಾಕಿದೆ. ಷೇರಿನ ವಾರ್ಷಿಕ ಏರಿಳಿತ 30% ಎಂದು ಹಿಡಿದರೆ ಒಂದು ಬಾಂಡಿನ ಹಕ್ಕಿನ ಬೆಲೆ ಸುಮಾರು 120 ಡಾಲರ್ ಬರುತ್ತದೆ. 60% ಎಂದು ಹಿಡಿದರೆ 300. ನಿಜವಾಗಿ ಕೊಟ್ಟ 204 ಬರಬೇಕಾದರೆ ಏರಿಳಿತ 44%ರ ಆಸುಪಾಸು ಇರಬೇಕು. ಅಂದರೆ ಕೊಂಡವರು, ತಮಗೆ ತಿಳಿದೋ ತಿಳಿಯದೆಯೋ, ಟೆಸ್ಲಾ ಷೇರು ಮುಂದಿನ ಐದು ವರ್ಷ ಇಷ್ಟು ಕುಣಿಯುತ್ತದೆ ಎಂಬ ಅಂದಾಜಿಗೆ ಬೆಲೆ ಕೊಟ್ಟಿದ್ದರು. ಇದಕ್ಕಿಂತ ಹೆಚ್ಚು ಕುಣಿಯುತ್ತದೆ ಎಂದು ನಂಬುವವನಿಗೆ ಹಕ್ಕು ಅಗ್ಗ. ಷೇರು ಏರುತ್ತದೋ ಇಳಿಯುತ್ತದೋ ಎಂದು ಅವನು ಹೇಳಬೇಕಾಗಿಯೇ ಇಲ್ಲ, ಏಕೆಂದರೆ ಇಳಿದರೆ ಬಾಂಡ್ ಅವನನ್ನು ಹಿಡಿಯುತ್ತದೆ, ಏರಿದರೆ ಲಾಭವೆಲ್ಲ ಅವನಿಗೆ. ನಷ್ಟದಲ್ಲಿರುವ, ಷೇರು ಹುಚ್ಚಾಪಟ್ಟೆ ಕುಣಿಯುವ ಕಂಪನಿಗಳೇ ಇಂಥ ಬಾಂಡ್‌ಗಳನ್ನು ಕಡಿಮೆ ಬಡ್ಡಿಗೆ ಮಾರುವುದರ ಗುಟ್ಟು ಇಲ್ಲಿದೆ. ಸಾದಾ ಸಾಲಕ್ಕೆ ಅವಗುಣವೆನಿಸುವ ಅಸ್ಥಿರತೆ, ಹಕ್ಕಿನ ಮಾರಾಟದಲ್ಲಿ ಒಳ್ಳೆಯ ಬೆಲೆ ತರುತ್ತದೆ.

ಇನ್ನು, ಕಾಲ ಹೋದಂತೆ ಪ್ರೀಮಿಯಂಗೂ ಹಕ್ಕಿನ ಬೆಲೆಗೂ ಎಷ್ಟು ದೂರವಾಗಬಹುದೆಂದು ನೋಡಬೇಕು. 2016ರ ಫೆಬ್ರವರಿ 10ರಂದು ಟೆಸ್ಲಾ ಷೇರು 143.67 ಡಾಲರಿಗೆ ಕುಸಿದಿತ್ತು. ಅಂದು ಐದು ವರ್ಷದ ಬಾಂಡಿನ ಪರಿವರ್ತನಾ ಮೌಲ್ಯ 399 ಡಾಲರ್. ಇನ್ನು ಮೂರು ವರ್ಷ ಬಾಕಿ. ಸಾದಾ ಸಾಲದ ದರ 6% ಆಗಿತ್ತೆಂದು ಇಟ್ಟುಕೊಂಡರೆ ಸಾದಾ ಬಾಂಡಿನ ಮೌಲ್ಯ 844 ಡಾಲರ್. ಹಕ್ಕಿಗೆ ಅದೇ 44% ಏರಿಳಿತ ಹಿಡಿದು ಲೆಕ್ಕ ಹಾಕಿದರೆ ಬರುವುದು 27 ಡಾಲರ್ ಮಾತ್ರ. ಎರಡೂ ಸೇರಿ 871 ಡಾಲರ್. 399ರ ಮೇಲೆ 871 ಎಂದರೆ ಪ್ರೀಮಿಯಂ 118%. ಎರಡು ವರ್ಷದ ಹಿಂದೆ 42.5% ಇದ್ದ ಪ್ರೀಮಿಯಂ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು, ಹಕ್ಕಿನ ಬೆಲೆ 204ರಿಂದ 27ಕ್ಕೆ ಇಳಿಯಿತು. ಪ್ರೀಮಿಯಂ ದೊಡ್ಡದಾಗಿರುವುದು ಹಕ್ಕಿಗೆ ಬೇಡಿಕೆ ಇದೆ ಎಂಬುದರ ಗುರುತಲ್ಲ. ಷೇರು ದೂರ ಬಿದ್ದಿದೆ, ಬೆಲೆಯನ್ನು ಸಾಲದ ಭಾಗವೇ ಹೊತ್ತುಕೊಂಡಿದೆ ಎಂಬುದರ ಗುರುತು. ಇಂಥ ಬಾಂಡನ್ನು ಕೊಳ್ಳುವವನು ಷೇರಿನ ಸುದ್ದಿ ಬಿಟ್ಟು ಕಂಪನಿ ಸಾಲ ತೀರಿಸುತ್ತದೆಯೇ ಎಂದು ನೋಡಬೇಕು.

ಈ ಇಡೀ ಲೆಕ್ಕದ ದುರ್ಬಲ ಜಾಗವೂ ಅಲ್ಲೇ ಇದೆ. ಸಾದಾ ಬಾಂಡಿನ ಮೌಲ್ಯವನ್ನು ಷೇರು ಎಷ್ಟೇ ಬಿದ್ದರೂ ಬಾಂಡನ್ನು ತಡೆದು ನಿಲ್ಲಿಸುವ ತಳ ಎಂದು ಮಾರುಕಟ್ಟೆ ಕರೆಯುತ್ತದೆ. ಆದರೆ ಆ ತಳವನ್ನು ಅಳೆದದ್ದು ಒಂದು ಅಂದಾಜು ದರದಿಂದ. 2014ರಲ್ಲಿ ಟೆಸ್ಲಾದ ಸಾದಾ ಬಾಂಡ್ ಮಾರುಕಟ್ಟೆಯಲ್ಲಿ ಇರಲೇ ಇಲ್ಲ. 4.9%ರ ಬದಲು 7% ಹಿಡಿದಿದ್ದರೆ ಸಾದಾ ಬಾಂಡಿನ ಮೌಲ್ಯ 796ರ ಬದಲು 719 ಆಗುತ್ತಿತ್ತು, ಹಕ್ಕಿನ ಬೆಲೆ 204ರಿಂದ 281ಕ್ಕೆ ಏರುತ್ತಿತ್ತು. 2017ರ ಆಗಸ್ಟಿನಲ್ಲಿ ಕಂಪನಿ ಎಂಟು ವರ್ಷದ ಸಾದಾ ಬಾಂಡನ್ನು 5.3% ಬಡ್ಡಿಗೆ ಮಾರಿದಾಗ ಹಳೆಯ ಅಂದಾಜು ತೀರಾ ತಪ್ಪಲ್ಲ ಎಂದು ಗೊತ್ತಾಯಿತು. ಮರುವರ್ಷದ ಮಾರ್ಚ್‌ನಲ್ಲೇ ಮೂಡೀಸ್ ಸಂಸ್ಥೆ ಟೆಸ್ಲಾದ ಸಾಲದ ದರ್ಜೆಯನ್ನು ಇಳಿಸಿತು, ಆ ಸಾದಾ ಬಾಂಡಿನ ಬೆಲೆಯೂ ಬಿತ್ತು. ಷೇರು ಬೀಳುವ ಹೊತ್ತು ಸಾಮಾನ್ಯವಾಗಿ ಕಂಪನಿಯ ಸಾಲದ ಮೇಲಿನ ನಂಬಿಕೆಯೂ ಬೀಳುವ ಹೊತ್ತು. ತಳದ ಆಸರೆ ಬೇಕಾಗುವುದು ಆಗಲೇ, ತಳ ಕುಸಿಯುವುದೂ ಆಗಲೇ. ಸಾದಾ ಬಾಂಡಿಗೆ ಹಕ್ಕನ್ನು ಕೂಡಿಸುವ ಸರಳ ಲೆಕ್ಕ ಈ ಎರಡನ್ನೂ ಒಂದಕ್ಕೊಂದು ಸಂಬಂಧವಿಲ್ಲದ ತುಂಡುಗಳಂತೆ ಕಾಣುತ್ತದೆ. ಅದು ಅದರ ಮಿತಿ. ಆದ್ದರಿಂದಲೇ ಈ ವ್ಯಾಪಾರದವರು ಷೇರಿನ ಬೆಲೆ ಇಳಿದಂತೆ ಸಾಲದ ದರವನ್ನೂ ಏರಿಸಿ, ಹೆಜ್ಜೆ ಹೆಜ್ಜೆಗೂ ಮರುಲೆಕ್ಕ ಹಾಕುವ ಮಾದರಿಗಳನ್ನು ಬಳಸುತ್ತಾರೆ.

ನಮ್ಮಲ್ಲಿ ಇದನ್ನು ನೋವಿನಿಂದ ಕಲಿಸಿದ್ದು ಸುಜ್ಲಾನ್. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೂ ಗಾಳಿಯಂತ್ರ ನಿಲ್ಲಿಸಿದ ಕಂಪನಿ ಅದು. 2007ರ ಷೇರುಪೇಟೆಯ ಉಬ್ಬರದಲ್ಲಿ ವಿದೇಶಿ ಹೂಡಿಕೆದಾರರಿಗೆ ಡಾಲರ್ ಲೆಕ್ಕದ ಪರಿವರ್ತನೀಯ ಬಾಂಡ್‌ಗಳನ್ನು ಮಾರಿತ್ತು. ಷೇರು ಪರಿವರ್ತನಾ ಬೆಲೆಗಿಂತ ಬಹಳ ಕೆಳಗೆ ಬಿದ್ದು ನೆಲಕಚ್ಚಿದಾಗ ಬಾಂಡುದಾರರ ಕೈಯಲ್ಲಿ ಉಳಿದದ್ದು ಸಾಲದ ಭಾಗ ಮಾತ್ರ. 2012ರ ಅಕ್ಟೋಬರಿನಲ್ಲಿ ಕಂಪನಿ ಸುಮಾರು 20.9 ಕೋಟಿ ಡಾಲರ್ ತೀರಿಸಲಾಗದೆ ಕೈಚೆಲ್ಲಿತು. ಹಕ್ಕೂ ಹೋಯಿತು, ತಳವೂ ಹೋಯಿತು.

ಟೆಸ್ಲಾದ ಐದು ವರ್ಷದ ಬಾಂಡ್ ಹಾಗಾಗಲಿಲ್ಲ, ಆದರೆ ಅದರ ಕೊನೆಯ ತಿಂಗಳುಗಳು ಹಕ್ಕಿನ ಬೆಲೆ ಹೇಗೆ ಆವಿಯಾಗುತ್ತದೆ ಎಂಬುದನ್ನು ತೋರಿಸಿದವು. 2018ರ ಡಿಸೆಂಬರ್ 13ರಂದು ಷೇರು 376.79 ಡಾಲರಿನಲ್ಲಿ ಮುಗಿಯಿತು. ಪರಿವರ್ತನಾ ಮೌಲ್ಯ 1,047 ಡಾಲರ್, ಅಂದರೆ ಪರಿವರ್ತನೆ ಲಾಭದಲ್ಲಿತ್ತು. ಆದರೆ ಅವಧಿಯ ಕೊನೆಯಲ್ಲಿ ಎಷ್ಟು ಕೊಡಬೇಕೆಂಬುದನ್ನು ಯಾವುದೋ ಒಂದು ಒಳ್ಳೆಯ ದಿನದ ಬೆಲೆಯಿಂದಲ್ಲ, ಕೊನೆಯ ವಾರಗಳ ಸರಾಸರಿಯಿಂದ ತೀರ್ಮಾನಿಸುವ ಕರಾರಿತ್ತು. ಜನವರಿ, ಫೆಬ್ರವರಿಯಲ್ಲಿ ಷೇರು ಇಳಿಯಿತು. 2019ರ ಮಾರ್ಚ್ 1ರಂದು ಟೆಸ್ಲಾ 92 ಕೋಟಿ ಡಾಲರನ್ನೂ ನಗದಾಗಿಯೇ ಕೊಟ್ಟು ಸಾಲ ತೀರಿಸಿತು. ಬಾಂಡುದಾರನಿಗೆ ಅಸಲು ಸಾವಿರವೂ ಐದು ವರ್ಷದಲ್ಲಿ ಹನ್ನೆರಡೂವರೆ ಡಾಲರ್ ಬಡ್ಡಿಯೂ ಬಂತು. 204 ಡಾಲರಿನ ಹಕ್ಕು ಸೊನ್ನೆಯಾಗಿ ಮುಗಿಯಿತು. ಕಂಪನಿಗೂ ಅದು ಸುಖದ ದಿನವೇನಲ್ಲ. ಷೇರು ಸ್ವಲ್ಪ ಮೇಲಿದ್ದಿದ್ದರೆ ಅರ್ಧ ಭಾಗವನ್ನು ಷೇರಿನಲ್ಲೇ ತೀರಿಸಬಹುದಿತ್ತು.

ಏಳು ವರ್ಷದ ಬಾಂಡಿಗೆ ಇನ್ನೂ ಎರಡು ವರ್ಷ ಇತ್ತು. 2020ರಲ್ಲಿ ಷೇರು ಯಾರ ಅಂದಾಜಿಗೂ ಸಿಗದಷ್ಟು ಏರಿತು. ಆಗಸ್ಟ್ ಕೊನೆಗೆ ಕಂಪನಿ ಒಂದು ಷೇರನ್ನು ಐದಾಗಿ ಒಡೆಯಿತು. ಅದಕ್ಕೆ ತಕ್ಕಂತೆ ಪರಿವರ್ತನಾ ಅನುಪಾತ 13.894ಕ್ಕೆ ಏರಿ, ಪರಿವರ್ತನಾ ಬೆಲೆ 71.97 ಡಾಲರಿಗೆ ಇಳಿಯಿತು. ಆ ವರ್ಷದ ಕೊನೆಯ ದಿನ ಷೇರಿನ ಬೆಲೆ 705.67 ಡಾಲರ್. ಒಂದು ಸಾವಿರ ಡಾಲರಿನ ಬಾಂಡಿನ ಪರಿವರ್ತನಾ ಮೌಲ್ಯ ಸುಮಾರು 9,800 ಡಾಲರ್ ಆಗಿತ್ತು. ಅಷ್ಟು ಮೇಲೆ ಹೋದಾಗ ಪ್ರೀಮಿಯಂ ಎನ್ನುವುದು ಹೆಚ್ಚುಕಡಿಮೆ ಉಳಿಯುವುದಿಲ್ಲ, ಸಾದಾ ಬಾಂಡಿನ ಮೌಲ್ಯ ಸಾವಿರದ ಆಸುಪಾಸಿನಲ್ಲಿ ಯಾರೂ ಕೇಳದೆ ಬಿದ್ದಿರುತ್ತದೆ, ಬಾಂಡ್ ಷೇರಿನ ಜೊತೆ ಡಾಲರಿಗೆ ಡಾಲರ್ ಏರುತ್ತದೆ, ಇಳಿಯುತ್ತದೆ. ಒಂದೇ ದಿನ, ಒಂದೇ ಕಂಪನಿಯಿಂದ, ಒಂದೇ ಪರಿವರ್ತನಾ ಬೆಲೆಗೆ ಕೊಂಡ ಎರಡು ಹಕ್ಕುಗಳಲ್ಲಿ ಒಂದು ಸೊನ್ನೆಯಾಯಿತು, ಇನ್ನೊಂದು ಅಸಲಿನ ಒಂಬತ್ತು ಪಟ್ಟಿಗೂ ಮೀರಿತು. ಕರಾರಿನಲ್ಲಿ ಅವುಗಳ ನಡುವಿದ್ದ ಅಂತರವೆಂದರೆ ಎರಡು ವರ್ಷ. 2014ರಲ್ಲಿ ಮಾರುಕಟ್ಟೆ ಅದಕ್ಕೆ ಕಟ್ಟಿದ್ದ ಬೆಲೆ 64 ಡಾಲರ್.